ರೋಗವಿಲ್ಲದ ಸಾಕ್ಷಿಗಳು: ಜಪಾನೀ ಮೆದುಳು ಜ್ವರದ ಚರಿತ್ರೆಯಿಂದ ಒಂದು ಅಧ್ಯಾಯ

ವೈದ್ಯಶಾಸ್ತ್ರದ ವಿಷಯವೊಂದನ್ನು ಚರಿತ್ರೆಯ ಅಧ್ಯಾಪಕನು ಕೈಗೆತ್ತಿಕೊಳ್ಳುವುದಕ್ಕೆ ಸಮಾಧಾನ ಹೇಳಬೇಕಾಗುತ್ತದೆ. ರೋಗವು ಎಲ್ಲಿಂದ ಬಂದಿತೆಂದು ಕಂಡುಹಿಡಿಯುವುದೂ ಒಂದು ಬಗೆಯ ಸಾಕ್ಷ್ಯವಿಚಾರಣೆಯೇ. ಕಣ್ಣಿಗೆ ಬಿದ್ದ ದಾಖಲೆಗಳನ್ನಷ್ಟೇ ನಂಬಿದ ಚರಿತ್ರಕಾರನು ಹೇಗೆ ದಾರಿತಪ್ಪುವನೋ ಹಾಗೆಯೇ ಹಾಸಿಗೆ ಹಿಡಿದ ರೋಗಿಗಳನ್ನಷ್ಟೇ ಎಣಿಸಿದ ವೈದ್ಯನೂ ದಾರಿತಪ್ಪಬಹುದು. ಜಪಾನೀ ಮೆದುಳು ಜ್ವರದ ವಿಷಯದಲ್ಲಿ ಈ ಮಾತು ಎರಡು ಬಾರಿ ಪ್ರಮಾಣಕ್ಕೆ ಬಂದಿದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧

ಬೇಸಗೆಯ ಕೊನೆಯಲ್ಲಿ ಜಪಾನಿನಲ್ಲಿ ಮೆದುಳಿನ ಉರಿಯೂತವೊಂದು ಹಬ್ಬುತ್ತಿದ್ದುದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದಿದ್ದ ಸಂಗತಿ. ೧೯೨೪ರಲ್ಲಿ ಅದು ಆರು ಸಾವಿರಕ್ಕೂ ಹೆಚ್ಚು ಮಂದಿಗೆ ತಗುಲಿತು. ಅವರಲ್ಲಿ ನೂರಕ್ಕೆ ಅರುವತ್ತರಷ್ಟು ಮಂದಿ ಮಡಿದರು. ಮೊದಲು ಜ್ವರ, ತಲೆನೋವು, ವಾಂತಿ. ಎರಡು ಮೂರು ದಿನಗಳಲ್ಲಿ ಸೆಳವು, ಪ್ರಜ್ಞಾಹೀನತೆ. ಬದುಕಿ ಉಳಿದ ಮಕ್ಕಳಲ್ಲಿ ಹಲವರಿಗೆ ಕೈಕಾಲುಗಳ ಸ್ವಾಧೀನವಾಗಲಿ ಮಾತಾಗಲಿ ಮೊದಲಿನಂತೆ ಮರಳಲಿಲ್ಲ. ೧೯೩೫ರಲ್ಲಿ ಟೋಕಿಯೋದಲ್ಲಿ ಮೃತನಾದ ರೋಗಿಯೊಬ್ಬನ ಮೆದುಳಿನಿಂದ ಈ ರೋಗದ ವೈರಸ್ಸನ್ನು ಬೇರ್ಪಡಿಸಿದರು. ೧೯೩೮ರಲ್ಲಿ ಅದೇ ವೈರಸ್ಸು ಸೊಳ್ಳೆಯಲ್ಲಿಯೂ ದೊರೆಯಿತು. ಆ ಸೊಳ್ಳೆ ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್ ಎಂಬ ಜಾತಿಯದು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುತ್ತದೆ, ಮುಸ್ಸಂಜೆಯಿಂದ ಇರುಳೆಲ್ಲ ಮನೆಯ ಹೊರಗೆ ಕಚ್ಚುತ್ತದೆ, ಹಗಲು ಗಿಡಗಂಟೆಗಳಲ್ಲಿ ಅಡಗಿರುತ್ತದೆ.

ಸೊಳ್ಳೆ ಸಿಕ್ಕಿತೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಸೊಳ್ಳೆಗೆ ವೈರಸ್ಸು ಎಲ್ಲಿಂದ ಬರುತ್ತದೆ? ರೋಗಿಯಿಂದಲೇ ಎಂದರೆ ಲೆಕ್ಕ ಸರಿಹೋಗದು. ಮನುಷ್ಯನ ರಕ್ತದಲ್ಲಿ ಈ ವೈರಸ್ಸು ಅತ್ಯಲ್ಪ ಪ್ರಮಾಣದಲ್ಲಿ, ಅತ್ಯಲ್ಪ ಕಾಲ ಮಾತ್ರ ಇರುತ್ತದೆ. ರೋಗಿಯು ಆಸ್ಪತ್ರೆ ಸೇರುವ ವೇಳೆಗೆ ಅದು ಸಾಮಾನ್ಯವಾಗಿ ರಕ್ತದಲ್ಲಿ ಸಿಕ್ಕುವುದೇ ಇಲ್ಲ. ಆದುದರಿಂದಲೇ ಇಂದಿಗೂ ವೈದ್ಯರು ಬೆನ್ನುಹುರಿಯ ದ್ರವದಲ್ಲಿ ವೈರಸ್ಸಿಗಿಂತ ಮಿಗಿಲಾಗಿ ಅದಕ್ಕೆ ಎದುರಾಗಿ ದೇಹವು ಹುಟ್ಟಿಸಿದ ಪ್ರತಿಕಾಯವನ್ನು ಹುಡುಕುತ್ತಾರೆ. ರೋಗಿಯನ್ನು ಕಚ್ಚಿದ ಸೊಳ್ಳೆ ಬರಿಗೈಯಲ್ಲಿ ಹಿಂದಿರುಗುತ್ತದೆ. ಮನುಷ್ಯನು ವೈರಸ್ಸಿನ ಪಾಲಿಗೆ ದಾರಿ ಮುಗಿದುಹೋಗುವ ಸ್ಥಳ. ಹಾಗಾದರೆ ದಾರಿ ಎಲ್ಲಿ ಸಾಗುತ್ತದೆ?

೨

ಇದಕ್ಕೆ ಉತ್ತರ ದೊರೆತದ್ದು ಟೋಕಿಯೋದ ಸುತ್ತಣ ಕಾಂಟೋ ಬಯಲಿನಲ್ಲಿ. ೧೯೫೨ರಿಂದ ಮೊದಲ್ಗೊಂಡು ಕೆಲವು ವರ್ಷಗಳ ಕಾಲ ಎಡ್ವರ್ಡ್ ಬ್ಯೂಷರ್, ವಿಲಿಯಂ ಷೆರರ್ ಮೊದಲಾದ ಅಮೆರಿಕದ ಸೈನ್ಯದ ಸಂಶೋಧಕರು ಜಪಾನೀ ಸಹೋದ್ಯೋಗಿಗಳೊಡನೆ ಅಲ್ಲಿ ಕೆಲಸ ಮಾಡಿ, ೧೯೫೯ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಅವರು ಆಸ್ಪತ್ರೆಗಳಿಂದ ಆರಂಭಿಸದೆ, ಬಕಗಳೂ ಬೆಳ್ಳಕ್ಕಿಗಳೂ ಗುಂಪಾಗಿ ಗೂಡುಕಟ್ಟುವ ಮರದ ತೋಪುಗಳಿಗೆ, ರೈತರ ಹಂದಿಯ ದೊಡ್ಡಿಗಳಿಗೆ ಹೋದರು. ಋತುವಿನುದ್ದಕ್ಕೂ ಸೊಳ್ಳೆಗಳನ್ನೂ ಮರಿಹಕ್ಕಿಗಳ ಹಾಗೂ ಎಳೆಯ ಹಂದಿಗಳ ರಕ್ತವನ್ನೂ ಪರೀಕ್ಷಿಸುತ್ತ ಬಂದರು.

ಕಂಡದ್ದಿಷ್ಟು. ಗೂಡಿನಲ್ಲಿರುವ ಬಕದ ಮರಿಗೆ ಗರಿ ಇನ್ನೂ ಪೂರ್ತಿಯಾಗಿ ಬಂದಿರುವುದಿಲ್ಲ. ಹಾರಿ ತಪ್ಪಿಸಿಕೊಳ್ಳಲೂ ಆಗದು. ಗದ್ದೆಗಳ ಪಕ್ಕದಲ್ಲಿಯೇ ಇರುವ ಆ ತೋಪಿನಲ್ಲಿ ಸೊಳ್ಳೆಗೆ ಅದು ಸುಲಭದ ಆಹಾರ. ಅದರ ರಕ್ತದಲ್ಲಿ ವೈರಸ್ಸು ಹೇರಳವಾಗಿ ಹೆಚ್ಚುತ್ತದೆ, ಆದರೆ ಮರಿ ಕಾಯಿಲೆ ಬಿದ್ದಂತೆ ತೋರುವುದಿಲ್ಲ. ಹಂದಿಯಲ್ಲಿಯೂ ಹಾಗೆಯೇ. ಎರಡರಿಂದ ನಾಲ್ಕು ದಿನಗಳವರೆಗೆ ಅದರ ರಕ್ತವನ್ನು ಹೀರಿದ ಸೊಳ್ಳೆಗಳಿಗೆ ವೈರಸ್ಸು ಅಂಟುತ್ತದೆ. ಹಂದಿ ಮಾತ್ರ ಎಂದಿನಂತೆ ತಿಂದುಕೊಂಡಿರುತ್ತದೆ. ಗಬ್ಬವಾದ ಹಂದಿ ಸತ್ತ ಮರಿಗಳನ್ನು ಈಯುವುದೊಂದೇ ಎದ್ದು ಕಾಣುವ ಹಾನಿ. ಹಕ್ಕಿ, ಹಂದಿಗಳಲ್ಲಿ ಸೋಂಕು ಹಬ್ಬಿದ ಮೇಲೆಯೇ ಮನುಷ್ಯರ ಸರದಿ ಬರುತ್ತಿತ್ತು. ಹೀಗೆ ವೈರಸ್ಸನ್ನು ತಮ್ಮಲ್ಲಿ ಹೆಚ್ಚಿಸಿ ಸೊಳ್ಳೆಗಳಿಗೆ ಹಂಚುವ ಪ್ರಾಣಿಗಳನ್ನು ವರ್ಧಕ ಪೋಷಕಗಳೆಂದು ಕರೆಯಬಹುದು.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ಈ ಸೊಳ್ಳೆ ಹಂದಿಗಿಂತಲೂ ದನವನ್ನೇ ಹೆಚ್ಚಾಗಿ ಕಚ್ಚುವ ಸ್ಥಳಗಳುಂಟು. ಹಾಗಿದ್ದರೆ ದನವೇಕೆ ವರ್ಧಕವಲ್ಲ? ದನದ ರಕ್ತದಲ್ಲಿ ವೈರಸ್ಸು ಸೊಳ್ಳೆಗೆ ಅಂಟುವಷ್ಟು ಹೆಚ್ಚುವುದಿಲ್ಲ ಎಂಬುದೇ ಉತ್ತರ. ಹಂದಿಗೆ ಇನ್ನೊಂದು ಗುಣವೂ ಸೇರಿದೆ. ಒಮ್ಮೆ ಸೋಂಕು ತಗುಲಿದ ಪ್ರಾಣಿಗೆ ಪ್ರತಿಕಾಯ ಹುಟ್ಟಿ ಮತ್ತೆ ಸೋಂಕು ತಗುಲದಾದರೂ, ಹಂದಿ ಒಂದು ವರ್ಷ ತುಂಬುವ ಮೊದಲೇ ಕಸಾಯಿಖಾನೆ ಸೇರುತ್ತದೆ. ಅದರ ಸ್ಥಾನದಲ್ಲಿ ಸೋಂಕನ್ನೇ ಅರಿಯದ ಹೊಸ ಮರಿಗಳು ದೊಡ್ಡಿಯನ್ನು ತುಂಬುತ್ತವೆ. ವೈರಸ್ಸಿಗೆ ಪ್ರತಿ ವರ್ಷವೂ ಹೊಸ ಹೊಲ ಸಿದ್ಧವಾಗಿರುತ್ತದೆ.

ಈ ಕ್ರಮವನ್ನು ದಿನಗಳ ಲೆಕ್ಕದಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಉದಾಹರಣೆಗಾಗಿ, ಜುಲೈ ಒಂದರಂದು ಸೊಳ್ಳೆಯೊಂದು ಸೋಂಕಿನ ಬಕದ ಮರಿಯನ್ನು ಕಚ್ಚಿತೆಂದು ಇಟ್ಟುಕೊಳ್ಳೋಣ. ವೈರಸ್ಸು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿಗೆ ಬರಲು, ಹವೆಯ ಶಾಖಕ್ಕೆ ತಕ್ಕಂತೆ, ಒಂದರಿಂದ ಎರಡು ವಾರ ಬೇಕು, ಹತ್ತು ದಿನವೆನ್ನೋಣ. ಹನ್ನೊಂದರಂದು ಅದು ಹಂದಿಯೊಂದನ್ನು ಕಚ್ಚುತ್ತದೆ. ಹದಿಮೂರು, ಹದಿನಾಲ್ಕರ ವೇಳೆಗೆ ಆ ಹಂದಿಯಿಂದ ಒಂದಲ್ಲ, ಅನೇಕ ಸೊಳ್ಳೆಗಳು ವೈರಸ್ಸನ್ನು ಪಡೆಯುತ್ತವೆ. ಮತ್ತೆ ಹತ್ತು ದಿನ ಕಳೆದು, ಜುಲೈ ಇಪ್ಪತ್ತನಾಲ್ಕರ ಸುಮಾರಿಗೆ ಈ ಎರಡನೆಯ ತಲೆಮಾರಿನ ಸೊಳ್ಳೆಗಳು ಉಳಿದ ಹಂದಿಗಳ ಮೇಲೂ, ಅಂಗಳದಲ್ಲಿ ಆಡುವ ಮಗುವಿನ ಮೇಲೂ ಎರಗುತ್ತವೆ. ಮಗುವಿನಲ್ಲಿ ರೋಗಲಕ್ಷಣ ಕಾಣಲು ಐದರಿಂದ ಹದಿನೈದು ದಿನ ಬೇಕು. ಮೊದಲನೆಯ ಮಗುವಿಗೆ ಸೆಳವು ಬಂದಾಗ ಆಗಸ್ಟ್ ತಿಂಗಳು ಹುಟ್ಟಿರುತ್ತದೆ. ವೈರಸ್ಸು ಊರಿಗೆ ಬಂದು ತಿಂಗಳೇ ಕಳೆದಿರುತ್ತದೆ. ಅಷ್ಟೇ ಅಲ್ಲ. ಸೋಂಕು ತಗುಲಿದ ಸುಮಾರು ಇನ್ನೂರೈವತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಹೀಗೆ ತೀವ್ರವಾಗುತ್ತದೆ. ವೈರಸ್ಸು ನೆಲೆಸಿದ ಪ್ರದೇಶಗಳಲ್ಲಿ ದೊಡ್ಡವರು ತಾವರಿಯದೆಯೇ ಸೋಂಕನ್ನು ದಾಟಿ ಪ್ರತಿಕಾಯ ಪಡೆದಿರುತ್ತಾರೆ. ಆದುದರಿಂದ ಪೆಟ್ಟು ಬೀಳುವುದು ಮಕ್ಕಳಿಗೆ.

ಇದನ್ನರಿತ ಜಪಾನೀಯರು ೧೯೬೦ರ ದಶಕದಿಂದ ಕಸಾಯಿಖಾನೆಗೆ ಬರುವ ಎಳೆಯ ಹಂದಿಗಳ ರಕ್ತವನ್ನು ಪ್ರತಿ ಬೇಸಗೆಯಲ್ಲಿಯೂ ಪರೀಕ್ಷಿಸತೊಡಗಿದರು. ಮೊದಲು ಐದರಲ್ಲಿ ಒಂದರಷ್ಟು ಹಂದಿಗಳಲ್ಲಿ ಹೊಸ ಪ್ರತಿಕಾಯ ಕಾಣುತ್ತದೆ. ಒಂದೆರಡು ವಾರ ಬಿಟ್ಟು ಎರಡನೆಯ ಅಲೆಯಲ್ಲಿ ಬಹುಮಟ್ಟಿಗೆ ಎಲ್ಲ ಹಂದಿಗಳಲ್ಲಿಯೂ ಕಾಣುತ್ತದೆ. ಆರೋಗ್ಯವಾಗಿಯೇ ಇದ್ದ ಪ್ರಾಣಿಯ ರಕ್ತ ಹೀಗೆ ಮುನ್ನೆಚ್ಚರಿಕೆಯ ಗಂಟೆಯಾಯಿತು. ಇನ್ನೊಂದು ಪಾಠವೂ ಅದರಿಂದಲೇ ದೊರೆಯಿತು. ಲಸಿಕೆಯ ಫಲವಾಗಿ, ಮತ್ತು ಬೇಸಾಯ ಪಶುಪಾಲನೆಗಳ ರೀತಿ ಬದಲಾದುದರಿಂದ, ೧೯೯೦ರ ದಶಕದ ಈಚೆಗೆ ಜಪಾನಿನಲ್ಲಿ ವರ್ಷಕ್ಕೆ ಸುಮಾರು ಹತ್ತು ಮಂದಿ, ಅನೇಕ ವರ್ಷಗಳಲ್ಲಿ ಅದಕ್ಕಿಂತಲೂ ಕಡಮೆ ಮಂದಿ, ಈ ರೋಗಕ್ಕೆ ಗುರಿಯಾಗಿದ್ದಾರೆ. ಹಂದಿಗಳ ರಕ್ತದಲ್ಲಿ ಮಾತ್ರ ಪ್ರತಿಕಾಯ ಕಾಣುತ್ತಲೇ ಬಂದಿದೆ. ರೋಗ ಹೋಯಿತು, ವೈರಸ್ಸು ಹೋಗಲಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡುವ ದಡಾರದಂತಹ ರೋಗದಲ್ಲಿ ಬಹುಮಂದಿಗೆ ಲಸಿಕೆ ಹಾಕಿದರೆ ಉಳಿದವರಿಗೂ ಮರೆ ದೊರೆಯುತ್ತದೆ; ಇಲ್ಲಿ ಅದಿಲ್ಲ. ನೆರೆಮನೆಯ ಮಗುವಿಗೆ ಹಾಕಿದ ಲಸಿಕೆ ನಮ್ಮ ಮನೆಯ ಮಗುವನ್ನು ಕಾಯದು.

೩

ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ೧೯೫೫ರಲ್ಲಿ, ವೆಲ್ಲೂರಿನಲ್ಲಿ. ೧೯೭೩ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ ಮತ್ತು ಬರ್ದ್ವಾನ್ ಜಿಲ್ಲೆಗಳಲ್ಲಿ ಅದು ಸಾಂಕ್ರಾಮಿಕವಾಗಿ ಎದ್ದಿತು; ೧೯೭೦ರ ದಶಕದ ಕೊನೆಯ ವರ್ಷಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಹೊಳೆಯಿಲ್ಲದ ಬಯಲುಸೀಮೆಯೆಂದು ಹೆಸರಾದ ಕೋಲಾರಕ್ಕೂ ಗದ್ದೆಯ ಸೊಳ್ಳೆಗೂ ಏನು ನಂಟೆಂದು ಕೇಳಬಹುದು. ಆದರೆ ಕೋಲಾರವು ಕೆರೆಗಳ ಸೀಮೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಸೊಳ್ಳೆ, ಕೆರೆಯಂಗಳದಲ್ಲಿ ಬೆಳ್ಳಕ್ಕಿ, ಊರಂಚಿನಲ್ಲಿ ಬಿಟ್ಟು ಸಾಕಿದ ಹಂದಿ: ಕಾಂಟೋ ಬಯಲಿನ ಮೂವರು ಪಾತ್ರಧಾರಿಗಳೂ ಇಲ್ಲಿ ಒಂದು ಕೂಗಳತೆಯೊಳಗೆ ನಿಂತಿದ್ದರು. ೧೯೮೦ರ ದಶಕದ ಆರಂಭದಲ್ಲಿ ಪುಣೆಯ ರಾಷ್ಟ್ರೀಯ ಸಂಸ್ಥೆಯವರು ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ಸಿನಿಂದಲೇ ತಯಾರಾದ ಲಸಿಕೆಗೆ ೨೦೧೩ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

೪

ಇನ್ನು ಎರಡನೆಯ ಪ್ರಕರಣ. ೧೯೯೮ರ ಕೊನೆಯ ತಿಂಗಳುಗಳಲ್ಲಿ ಮಲೇಷಿಯಾದ ಇಪೋ ನಗರದ ಸುತ್ತ ಹಂದಿ ಸಾಕುವವರಲ್ಲಿ ಮೆದುಳು ಜ್ವರ ಕಾಣಿಸಿಕೊಂಡಿತು. ಹಂದಿ, ಸೊಳ್ಳೆ, ಮೆದುಳಿನ ಉರಿಯೂತ ಮೂರೂ ಕೂಡಿದ್ದುವು; ಕೆಲವು ರೋಗಿಗಳ ರಕ್ತದಲ್ಲಿ ಜಪಾನೀ ಜ್ವರದ ಪ್ರತಿಕಾಯವೂ ದೊರೆಯಿತು. ತೀರ್ಮಾನ ಸುಲಭವಾಯಿತು. ಸೊಳ್ಳೆಗೆ ಹೊಗೆ ಹಾಕಿದರು, ಹಂದಿ ಸಾಕುವವರಿಗೆ ಜಪಾನೀ ಜ್ವರದ ಲಸಿಕೆ ಕೊಟ್ಟರು. ಆದರೂ ಸಾವು ನಿಲ್ಲಲಿಲ್ಲ.

ಮೇಲಿನ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಅಲ್ಲಿನ ಸಾಕ್ಷ್ಯ ಬೇರೆಯೇ ಕಥೆ ಹೇಳುತ್ತಿತ್ತು. ರೋಗಿಗಳಲ್ಲಿ ಹೆಚ್ಚಿನವರು ಮಕ್ಕಳಲ್ಲ, ಹಂದಿಯ ದೊಡ್ಡಿಗಳಲ್ಲಿ ದುಡಿಯುವ ವಯಸ್ಕ ಗಂಡಸರು. ಸೊಳ್ಳೆ ಕಚ್ಚುವಾಗ ಕಸುಬು ಕೇಳುವುದಿಲ್ಲ; ಆದರೂ ಹಂದಿಯನ್ನು ಮುಟ್ಟದ ನೆರೆಹೊರೆಯವರಿಗೆ ರೋಗವಿರಲಿಲ್ಲ. ಇನ್ನೂರೈವತ್ತಕ್ಕೆ ಒಬ್ಬರು ಬೀಳಬೇಕಾದ ರೋಗದಲ್ಲಿ ಒಂದೇ ಮನೆಯ ಹಲವರು ಒಟ್ಟಿಗೆ ಬಿದ್ದಿದ್ದರು. ಲಸಿಕೆ ಪಡೆದವರೂ ಉಳಿಯಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಹಂದಿಗಳು ಬೊಗಳಿದಂತೆ ಕೆಮ್ಮುತ್ತಿದ್ದುವು, ಸಾಯುತ್ತಿದ್ದುವು. ಜಪಾನೀ ಜ್ವರದಲ್ಲಿ ಬೆಳೆದ ಹಂದಿ ಕಾಯಿಲೆ ಬೀಳುವುದಿಲ್ಲವೆಂದು ನಲವತ್ತು ವರ್ಷಗಳ ಹಿಂದೆಯೇ ತಿಳಿದಿತ್ತು. ಇಲ್ಲಿನ ಹಂದಿ ತಾನು ಆ ಸಾಕ್ಷಿಯಲ್ಲವೆಂದು ಕೂಗಿ ಹೇಳುತ್ತಿದ್ದಂತಿತ್ತು.

೧೯೯೯ರ ಮಾರ್ಚಿಯಲ್ಲಿ ಮಲಯ ವಿಶ್ವವಿದ್ಯಾನಿಲಯದ ಚುವಾ ಕಾ ಬಿಂಗ್ ಎಂಬ ಯುವ ಸಂಶೋಧಕರು ರೋಗಿಯ ಬೆನ್ನುಹುರಿಯ ದ್ರವದಿಂದ ಬೇರ್ಪಡಿಸಿದ ವೈರಸ್ಸು ಜಪಾನೀ ಜ್ವರದ್ದಲ್ಲವೆಂದು ಸಿದ್ಧವಾಯಿತು. ಅದು ಅದುವರೆಗೆ ಯಾರೂ ಅರಿಯದ ನಿಪಾ ವೈರಸ್ಸು. ಹಣ್ಣು ತಿನ್ನುವ ಬಾವಲಿಗಳಿಂದ ಹಂದಿಗೆ ಬಂದು, ಹಂದಿಯ ಸ್ಪರ್ಶದಿಂದ ಮನುಷ್ಯನಿಗೆ ತಗುಲುತ್ತಿತ್ತು. ಸೊಳ್ಳೆಗೆ ಅದರಲ್ಲಿ ಪಾಲೇ ಇರಲಿಲ್ಲ. ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಂದ ಮೇಲೆ ರೋಗ ನಿಂತಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಕಾಯಿಲೆಯ ಹಂದಿಗಳನ್ನು ದೂರದ ಊರುಗಳಿಗೆ ಮಾರಿದುದರಿಂದ ರೋಗ ಹೊಸ ಪ್ರದೇಶಗಳಿಗೂ ಹಬ್ಬಿತ್ತು. ತಪ್ಪು ತೀರ್ಮಾನದಿಂದಾಗಿ ಕಳೆದುಹೋದ ತಿಂಗಳುಗಳ ಬೆಲೆ ಇದು.

ಎರಡು ಪ್ರಕರಣಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ತಿಳಿಯುವುದಿಷ್ಟು. ಟೋಕಿಯೋದಲ್ಲಿ ರೋಗವಿಲ್ಲದ ಹಂದಿಯ ರಕ್ತವನ್ನು ಪರೀಕ್ಷಿಸಿದ್ದರಿಂದ ಮಕ್ಕಳ ರೋಗದ ಮೂಲ ತಿಳಿಯಿತು. ಇಪೋದಲ್ಲಿ ರೋಗವಿದ್ದ ಹಂದಿಯ ಕೆಮ್ಮನ್ನು ಸಕಾಲದಲ್ಲಿ ಕೇಳದೆ ಹೋದುದರಿಂದ ದೊಡ್ಡವರು ಸತ್ತರು. ಮೆದುಳು ಜ್ವರವೆಂಬ ಒಂದೇ ಹೆಸರಿನ ಹಿಂದೆ ಅನೇಕ ರೋಗಗಳು ನಿಂತಿರಬಹುದು. ಊರಿನಲ್ಲಿ ಮಗುವೊಂದು ಜ್ವರದಿಂದ ಪ್ರಜ್ಞೆತಪ್ಪಿದಾಗ ವೈದ್ಯನು ಬೆನ್ನುಹುರಿಯ ದ್ರವವನ್ನು ಪರೀಕ್ಷೆಗೆ ಕಳುಹಿಸುವುದು ಮೊದಲ ಕರ್ತವ್ಯ. ಅದರ ಜೊತೆಗೆ ಗದ್ದೆಯಲ್ಲಿ ನೀರು ನಿಂತಿದೆಯೇ, ಕಾಯಿಲೆ ಬಿದ್ದವರು ಮಕ್ಕಳೋ ದೊಡ್ಡವರೋ, ಹಂದಿಗಳು ನೆಮ್ಮದಿಯಾಗಿವೆಯೇ ಎಂದು ಯಾರಾದರೊಬ್ಬರು ಊರಿನಲ್ಲಿ ಸುತ್ತಿ ವಿಚಾರಿಸಿಕೊಂಡು ಬರಬೇಕಾಗುತ್ತದೆ.