ಕೇಳಿದ ಹುದ್ದೆ ಒಂದು, ಬಂದ ಆಫರ್ ಇನ್ನೊಂದು

ಅಕ್ಕನ ಮಗಳು ಒಂದು ಶುಕ್ರವಾರ ಸಂಜೆ ಫೋನ್ ಮಾಡಿದಳು. "ಚಿಕ್ಕಮ್ಮಾ, ಆಫರ್ ಬಂದಿದೆ. ಆದ್ರೆ ನಾನು ಕೇಳಿದ್ದು ಸೀನಿಯರ್ ಡೆವಲಪರ್ ಕೆಲ್ಸ, ಇವ್ರು ಸಪೋರ್ಟ್ ಎಂಜಿನಿಯರ್ ಅಂತಿದಾರೆ. ಸೋಮವಾರದೊಳಗೆ ಹೇಳ್ಬೇಕಂತೆ."

ಬೆಂಗಳೂರಿನಲ್ಲಿ ನಾಲ್ಕು ವರ್ಷದಿಂದ ಜಾವಾ ಕೋಡ್ ಬರೆಯುತ್ತಿರುವ ಹುಡುಗಿ. ನಾನು ಬಹುಕಾಲ ಎಚ್‌ಆರ್ ವಿಭಾಗದಲ್ಲಿ ದುಡಿದವಳು. ಇಂಥ ಆಫರ್‌ಗಳನ್ನು ಮೇಜಿನ ಆ ಬದಿಯಲ್ಲಿ ಕೂತು ಕೊಟ್ಟಿದ್ದೇನೆ. ಹಾಗಾಗಿ ಮೊದಲು ಹೇಳಿದ್ದು ಇಷ್ಟೆ: ಇವತ್ತು ಹೂಂ ಅನ್ನಬೇಡ, ಉಹೂಂ ಅಂತಲೂ ಅನ್ನಬೇಡ. ಹುದ್ದೆ ಯಾಕೆ ಬದಲಾಯಿತು ಅಂತ ಕೇಳು.

ಕಾರಣ ಗೊತ್ತಾಗದೆ ಉತ್ತರ ಕೊಡಲು ಬರುವುದಿಲ್ಲ. ಸಂದರ್ಶನದಲ್ಲಿ ಅವಳ ಅನುಭವ ಸಾಲದು ಅನ್ನಿಸಿದ್ದರೆ, ಒಂದು ಬ್ಯಾಂಡ್ ಕೆಳಗಿನ ಡೆವಲಪರ್ ಹುದ್ದೆ ಕೇಳಲು ಅವಕಾಶವಿದೆ. ಆ ಜಾಗಕ್ಕೆ ಒಳಗಿನವರೇ ಬಂದಿದ್ದರೆ ಅದು ಅವಳ ಯೋಗ್ಯತೆಯ ಪ್ರಶ್ನೆಯೇ ಅಲ್ಲ. ಸಂದರ್ಶನ ಮಾಡಿ ಮೆಚ್ಚಿದ ವ್ಯಕ್ತಿಯನ್ನು ಖಾಲಿಯಿರುವ ಇನ್ನೊಂದು ಕುರ್ಚಿಯಲ್ಲಿ ಕೂರಿಸಲು ನೋಡುತ್ತಿದ್ದಾರೆ. ಆಗ ಆಕೆಗೆ ಚೌಕಾಸಿ ಮಾಡುವ ಬಲ ಹೆಚ್ಚು.

"ದುಡ್ಡು ಮಾತ್ರ ಜಾಸ್ತಿ ಇದೆ ಚಿಕ್ಕಮ್ಮಾ, ಒಂಬತ್ತರಿಂದ ಹನ್ನೊಂದು ಲಕ್ಷ" ಎಂದಳು. ಸಿಟಿಸಿ ಹಾಳೆ ಕಳಿಸು ಎಂದೆ. ಹನ್ನೊಂದು ಲಕ್ಷದಲ್ಲಿ 1,50,000 ವೇರಿಯಬಲ್ ಪೇ, ಅಂದರೆ ಕಂಪನಿಯ ಮತ್ತು ಅವಳ ವರ್ಷದ ಸಾಧನೆ ನೋಡಿ ಕೊಡುವ, ಕೊಡದೆಯೂ ಇರಬಹುದಾದ ಹಣ. ಬೇಸಿಕ್ 4,00,000. ಅದರ ಶೇ. 12ರಷ್ಟು, 48,000, ಕಂಪನಿ ತುಂಬುವ ಪಿಎಫ್. ಶೇ. 4.81ರ ಲೆಕ್ಕದಲ್ಲಿ 19,240 ಗ್ರಾಚ್ಯುಟಿ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿಸಿದ ಮೇಲಷ್ಟೇ ಅದು ಕೈಸೇರುತ್ತದೆ. ಇವನ್ನೆಲ್ಲ ಕಳೆದರೆ ಉಳಿದದ್ದು 8,82,760. ಈಗಿನ ಕೆಲಸದಲ್ಲಿ ವೇರಿಯಬಲ್ ಇಲ್ಲ. ಅಲ್ಲಿಯೂ ಹೀಗೆಯೇ ಪಿಎಫ್, ಗ್ರಾಚ್ಯುಟಿ ಕಳೆದರೆ 8,39,484. ಎರಡು ಲಕ್ಷದಂತೆ ಕಂಡ ಏರಿಕೆಯಲ್ಲಿ ಖಚಿತವಾದದ್ದು ವರ್ಷಕ್ಕೆ ಸುಮಾರು 43,000, ತಿಂಗಳಿಗೆ 3,600. ಅದರಲ್ಲೂ ತೆರಿಗೆ ಮತ್ತು ಅವಳ ಪಾಲಿನ ಪಿಎಫ್ ಇನ್ನೂ ಹೋಗಬೇಕು. ಇದಕ್ಕೆ ಪ್ರತಿಯಾಗಿ ಅಮೆರಿಕದ ಗ್ರಾಹಕರಿಗಾಗಿ ರಾತ್ರಿ ಪಾಳಿ.

ಕೆಳಗಿನ ಹುದ್ದೆಗಿಂತ ಬೇರೆ ಜಾತಿಯ ಹುದ್ದೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಬ್ಯಾಂಡ್ ಕೆಳಗಾದರೂ ಕೋಡ್ ಬರೆಯುತ್ತಿದ್ದರೆ ಅನುಭವ ಬೆಳೆಯುತ್ತಲೇ ಇರುತ್ತದೆ. ಎರಡು ವರ್ಷ ಟಿಕೆಟ್ ಬಗೆಹರಿಸುವುದರಲ್ಲಿ ಕಳೆದರೆ, ಮುಂದಿನ ಸಂದರ್ಶಕರು ಅವಳ ಡೆವಲಪ್‌ಮೆಂಟ್ ಅನುಭವವನ್ನು ಆರು ವರ್ಷ ಎನ್ನುವುದಿಲ್ಲ, ನಾಲ್ಕೇ ಎನ್ನುತ್ತಾರೆ. ರಿಲೀವಿಂಗ್ ಲೆಟರ್‌ನಲ್ಲಿ ಬರುವ ಡೆಸಿಗ್ನೇಷನ್ ಕೂಡ ಅದನ್ನೇ ಹೇಳುತ್ತದೆ.

ರಿಕ್ರೂಟರ್ ಅವಳಿಗೆ ಇನ್ನೊಂದು ಮಾತು ಹೇಳಿದ್ದರು: "ಆರು ತಿಂಗಳು ಮಾಡಿ, ಆಮೇಲೆ ಡೆವಲಪ್‌ಮೆಂಟ್ ಟೀಮಿಗೆ ಹಾಕ್ತೀವಿ." ಹೇಳಿದವರಿಗೆ ಮೋಸದ ಉದ್ದೇಶ ಇಲ್ಲದಿರಬಹುದು. ಆದರೆ ಬಹಳಷ್ಟು ಆಫರ್ ಲೆಟರ್‌ಗಳ ಕೊನೆಯಲ್ಲಿ, ಈ ಹಿಂದಿನ ಎಲ್ಲ ಮಾತುಕತೆಗಳ ಬದಲಿಗೆ ಈ ಪತ್ರವೇ ಅಂತಿಮ ಎಂಬ ಸಾಲು ಇರುತ್ತದೆ. ಅವಳ ಪತ್ರದಲ್ಲಿಯೂ ಇತ್ತು. ಸಹಿ ಹಾಕಿದ ಕ್ಷಣಕ್ಕೆ ಆ ಆರು ತಿಂಗಳ ಮಾತಿಗೆ ಆಧಾರವೇ ಉಳಿಯುವುದಿಲ್ಲ. ಒಳಗೆ ವಿಭಾಗ ಬದಲಿಸಲು ಎಷ್ಟೋ ಕಂಪನಿಗಳಲ್ಲಿ ಒಂದೇ ಹುದ್ದೆಯಲ್ಲಿ ವರ್ಷವೋ ಒಂದೂವರೆ ವರ್ಷವೋ ಕಳೆದಿರಬೇಕೆಂಬ ನಿಯಮವೂ ಇರುತ್ತದೆ. ರಿಕ್ರೂಟರ್ ಒಬ್ಬರಿಂದ ಅದನ್ನು ದಾಟಿಸಲು ಆಗುವುದಿಲ್ಲ.

ಭಾನುವಾರ ಇಬ್ಬರೂ ಕೂತು ಮೇಲ್ ಬರೆದೆವು. ಆಫರ್‌ಗೆ ಧನ್ಯವಾದ, ತಾನು ಸಂದರ್ಶನ ಕೊಟ್ಟಿದ್ದು ಡೆವಲಪರ್ ಹುದ್ದೆಗೆ ಎಂಬ ನೆನಪು, ಆಮೇಲೆ ಮೂರು ಪ್ರಶ್ನೆ. ಹುದ್ದೆ ಬದಲಾಗಲು ಕಾರಣವೇನು? ದಿನದ ಕೆಲಸದಲ್ಲಿ ಕೋಡಿಂಗ್ ಎಷ್ಟು, ಟಿಕೆಟ್ ಎಷ್ಟು? ಆರು ತಿಂಗಳ ಬದಲಾವಣೆಯನ್ನು ಆಫರ್ ಲೆಟರ್‌ನಲ್ಲಿ ಬರೆದುಕೊಡಬಹುದೇ? ಮ್ಯಾನೇಜರ್ ಜೊತೆ ಹದಿನೈದು ನಿಮಿಷ ಮಾತಾಡಲು ಅವಕಾಶ ಕೊಟ್ಟರೆ ಗುರುವಾರದೊಳಗೆ ಅಂತಿಮ ಉತ್ತರ ಕೊಡುತ್ತೇನೆ ಎಂದು ಮುಗಿಸಿದಳು. ಬೇಸರದ ಒಂದು ಸಾಲು ಸೇರಿಸಿದ್ದಳು, ಅಳಿಸಿದೆವು. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮಾತನ್ನು ಅಲ್ಲಿಯವರೆಗೆ ಎತ್ತಲೇಬಾರದೆಂದೂ ಹೇಳಿದ್ದೆ.

ಗಡುವು ಸಿಕ್ಕಿತು. ಸೀನಿಯರ್ ಹುದ್ದೆಗೆ ಒಳಗಿನವರೊಬ್ಬರನ್ನು ತೆಗೆದುಕೊಂಡಿದ್ದರಂತೆ. ಮ್ಯಾನೇಜರ್ ಪ್ರಾಮಾಣಿಕರು: ಹತ್ತರಲ್ಲಿ ಎಂಟು ಪಾಲು ಟಿಕೆಟ್ ಕೆಲಸವೇ, ಆರು ತಿಂಗಳ ಭರವಸೆ ಬರವಣಿಗೆಯಲ್ಲಿ ಕೊಡಲಾಗದು ಎಂದರು.

ಬುಧವಾರ ರಾತ್ರಿಯೇ ಅವಳು ನಾಲ್ಕು ಸಾಲಿನ ಉತ್ತರ ಕಳಿಸಿದಳು. ಸಪೋರ್ಟ್ ಹುದ್ದೆ ಒಪ್ಪಲಾಗುತ್ತಿಲ್ಲ, ನಿಮ್ಮ ತಂಡ ಇಷ್ಟವಾಯಿತು, ಡೆವಲಪರ್ ಜಾಗ ಯಾವ ಬ್ಯಾಂಡ್‌ನಲ್ಲಿ ತೆರೆದರೂ ತಿಳಿಸಿ, ಎರಡು ತಿಂಗಳ ನೋಟಿಸ್‌ನಲ್ಲಿ ಬರಬಲ್ಲೆ. ಗುರುವಾರ ಬೆಳಿಗ್ಗೆ ಎಂದಿನಂತೆ ಹಳೆಯ ಆಫೀಸಿನ ಬಸ್ ಹತ್ತಿದಳು.