ಸಾಲದ ಕಂತೂ ಬೆಳೆಯ ಲೆಕ್ಕವೂ

ಕೃಷಿ ಸಾಲದಲ್ಲಿ ಎಷ್ಟು ಪಡೆದೆವು ಎನ್ನುವಷ್ಟೇ ಮುಖ್ಯವಾದದ್ದು, ಯಾವ ಹಣ ಯಾವಾಗ ಮರಳಬೇಕು ಎಂಬುದು. ಬೀಜ, ಗೊಬ್ಬರ, ಕೂಲಿಗೆ ಹಾಕಿದ ದುಡ್ಡು ಅದೇ ಬೆಳೆ ಮಾರಿದಾಗ ಕೈಗೆ ಬರುತ್ತದೆ. ಅದಕ್ಕೆ ಅಲ್ಪಾವಧಿಯ ಬೆಳೆ ಸಾಲ ಸರಿ. ಪಂಪ್‌ಸೆಟ್, ಹನಿ ನೀರಾವರಿಯಂಥವು ವರ್ಷಗಟ್ಟಲೆ ದುಡಿದು ಖರ್ಚು ಹಿಂದಿರುಗಿಸುತ್ತವೆ. ಅವಕ್ಕೆ ಕಂತಿನ ಮಧ್ಯಮಾವಧಿ ಅಥವಾ ದೀರ್ಘಾವಧಿ ಸಾಲ ಬೇಕು. ಬೆಳೆ ಸಾಲದ ಹಣದಲ್ಲಿ ಬೋರ್‌ವೆಲ್ ಕೊರೆಸಿದರೆ, ನೀರಿನಿಂದ ಆದಾಯ ಬರುವ ಮೊದಲೇ ಸಾಲದ ಗಡುವು ಬಂದುಬಿಡುತ್ತದೆ.

ಬೆಳೆ ಸಾಲದಲ್ಲಿ ಗಡುವಿನ ದಿನಕ್ಕೇ ಬೆಲೆಯಿದೆ. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷದೊಳಗಿನ ಬೆಳೆ ಸಾಲಕ್ಕೆ ಶೇ 7ರ ಬಡ್ಡಿ; ಸಕಾಲಕ್ಕೆ ತೀರಿಸಿದವರಿಗೆ ಶೇ 3 ರಿಯಾಯಿತಿ ಸಿಕ್ಕಿ ಬಡ್ಡಿ ಶೇ 4ಕ್ಕೆ ಇಳಿಯುತ್ತದೆ. 2 ಲಕ್ಷವನ್ನು ಒಂದು ವರ್ಷ ಬಳಸಿ ವೇಳೆಗೆ ಕಟ್ಟಿದರೆ ಬಡ್ಡಿ 8,000 ರೂಪಾಯಿ. ಸುಸ್ತಿಯಾದರೆ ಅದೇ ವರ್ಷಕ್ಕೆ 14,000. ಗಡುವಿನ ನಂತರ ಬ್ಯಾಂಕಿನ ಸಾಮಾನ್ಯ ದರವೂ ಓಡತೊಡಗುತ್ತದೆ. ಕರ್ನಾಟಕದ ಸಹಕಾರ ಸಂಘಗಳು ಕೊಡುವ ಶೂನ್ಯ ಬಡ್ಡಿಯ ಬೆಳೆ ಸಾಲಕ್ಕೂ ಸಕಾಲ ಮರುಪಾವತಿಯೇ ಷರತ್ತು.

ಕಂತಿನ ಸಾಲಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. ಹನಿ ನೀರಾವರಿಗೆ ಒಬ್ಬ ರೈತ ಶೇ 10ರ ಬಡ್ಡಿಗೆ 3 ಲಕ್ಷ ಪಡೆದಿದ್ದಾನೆ ಎನ್ನಿ. ಬೆಳೆ ಮಾರಿದ ಹಣದಲ್ಲಿ ಸಾಗುವಳಿ ಖರ್ಚು, ಮನೆ ಖರ್ಚು, ಹಳೆಯ ಸಾಲದ ಕಂತು ಕಳೆದು ವರ್ಷಕ್ಕೆ ಅವನಿಗೆ 85,000 ಉಳಿಯುತ್ತದೆ. ಹೊಸ ಕಂತು ಈ ಉಳಿಕೆಯೊಳಗೇ ಇರಬೇಕು.

ಐದು ವರ್ಷಕ್ಕೆ ಅಸಲನ್ನು ಸಮನಾಗಿ ಹಂಚಿದರೆ ವರ್ಷಕ್ಕೆ 60,000 ಅಸಲು. ಮೊದಲ ವರ್ಷದ ಬಡ್ಡಿ 30,000. ಒಟ್ಟು 90,000, ಅಂದರೆ ಆರಂಭದಲ್ಲೇ 5,000 ಕೊರತೆ. ಮುಂದೆ ಅಸಲು ಕರಗಿದಂತೆ ಕಂತು 84,000, 78,000 ಎಂದು ಇಳಿಯುವುದು ನಿಜ, ಆದರೆ ಮೊದಲ ವರ್ಷವನ್ನು ದಾಟಬೇಕಲ್ಲ. ಅಸಲು ಬಡ್ಡಿ ಸೇರಿಸಿ ಪ್ರತಿ ವರ್ಷ ಒಂದೇ ಮೊತ್ತ ಕಟ್ಟುವ ಪದ್ಧತಿಯಲ್ಲಿ ಕಂತು ಸುಮಾರು 79,140. ಇದು ಉಳಿಕೆಯೊಳಗೆ ಹಿಡಿಯುತ್ತದೆ, ಆದರೆ ಬಾಕಿ ಉಳಿಯುವುದು ಆರು ಸಾವಿರಕ್ಕೂ ಕಡಿಮೆ. ಧಾರಣೆ ಬಿದ್ದು ಉಳಿಕೆ 65,000ಕ್ಕೆ ಇಳಿದ ವರ್ಷ ಸುಸ್ತಿ ಖಚಿತ.

ಅದೇ ಸಾಲವನ್ನು ಏಳು ವರ್ಷಕ್ಕೆ ಹರಡಿದರೆ ಕಂತು ಸುಮಾರು 61,620. ಕೆಟ್ಟ ವರ್ಷದಲ್ಲೂ ಕಟ್ಟಬಹುದು. ಒಟ್ಟು ಬಡ್ಡಿ ಮಾತ್ರ ಸುಮಾರು 95,700ರಿಂದ 1,31,350ಕ್ಕೆ ಏರುತ್ತದೆ. ಈ ಹೆಚ್ಚುವರಿ 35,650 ರೂಪಾಯಿ ಸುಸ್ತಿಯಿಂದ ತಪ್ಪಿಸಿಕೊಳ್ಳಲು ತೆರುವ ಬೆಲೆ. ಆದರೆ ಸಲಕರಣೆಯೇ ಏಳು ವರ್ಷ ಬಾಳದಿದ್ದರೆ ಅವಧಿ ಹಿಗ್ಗಿಸುವುದು ಸಲ್ಲ. ಹಾಳಾದ ಪೈಪಿಗೂ ಕಂತು ಕಟ್ಟಬೇಕಾದೀತು. ಆಗ ಸಾಲದ ಮೊತ್ತವನ್ನೇ ಕಡಿಮೆ ಮಾಡಿ, ಹೊಲದ ಒಂದು ಭಾಗಕ್ಕೆ ಮಾತ್ರ ಹನಿ ನೀರಾವರಿ ಹಾಕಿಸುವುದು ಮೇಲು.