ಒನಕೆ ಹಿಡಿದ ಒಂದನೇ ಕ್ಲಾಸಿನ ಹುಡುಗಿ

ನವೆಂಬರ್ ತಿಂಗಳ ಮೊದಲ ಹದಿನೈದು ದಿನ ವೇಷಭೂಷಣ ಬಾಡಿಗೆ ಅಂಗಡಿಗಳಿಗೆ ಸುಗ್ಗಿ. 1ಕ್ಕೆ ರಾಜ್ಯೋತ್ಸವ, 11ಕ್ಕೆ ಒನಕೆ ಓಬವ್ವ ಜಯಂತಿ, 14ಕ್ಕೆ ಮಕ್ಕಳ ದಿನಾಚರಣೆ. ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ‘ಛದ್ಮವೇಷ ಸ್ಪರ್ಧೆ ಇದೆ, ವೇಷ ಹಾಕಿದ ಒಂದು ಫೋಟೊವನ್ನೂ ಕಳಿಸಿ’ ಎಂಬ ಸೂಚನೆ ಬಂದ ಸಂಜೆಯೇ ತಾಯಂದಿರು ಅಂಗಡಿ ಮುಂದೆ ನಿಂತಿರುತ್ತಾರೆ. ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಕೇಳುವುದು ಎರಡೇ ವೇಷ: ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ. ಅಂಗಡಿಯವರು ಎರಡಕ್ಕೂ ತೆಗೆದುಕೊಡುವುದು ಒಂದೇ ಡ್ರೆಸ್. ಜರಿ ಅಂಚಿನ ಮಿರುಗುವ ಸೀರೆ, ಮಖಮಲ್ಲಿನ ರವಿಕೆ, ಸೊಂಟಕ್ಕೆ ಡಾಬು, ಕೊರಳಿಗೆ ಮೂರೆಳೆ ಹಾರ. ಕೈಗೆ ಕತ್ತಿ ಕೊಟ್ಟರೆ ಚೆನ್ನಮ್ಮ, ಒನಕೆ ಕೊಟ್ಟರೆ ಓಬವ್ವ.

ತೊಂದರೆ ಶುರುವಾಗುವುದೇ ಇಲ್ಲಿಂದ. ಓಬವ್ವ ರಾಣಿಯಲ್ಲ. ಹದಿನೆಂಟನೇ ಶತಮಾನದ ಚಿತ್ರದುರ್ಗದ ಕೋಟೆಯಲ್ಲಿ ಕಹಳೆ ಊದುವ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದವಳು, ಬಂಡೆಯ ಕಿಂಡಿಯೊಳಗಿಂದ ಹೈದರಾಲಿಯ ಸೈನಿಕರು ನುಸುಳಿ ಬರುವುದನ್ನು ಕಂಡು, ಮನೆಯಲ್ಲಿದ್ದ ಒನಕೆ ಹಿಡಿದು ನಿಂತಳು ಎಂಬುದು ನಮಗೆ ಬಂದಿರುವ ಕಥೆ. ನೀರಿಗೆ ಹೊರಟ ಹೆಂಗಸು ಉಟ್ಟಿರುವುದು ದಿನನಿತ್ಯದ ನೂಲಿನ ಸೀರೆಯೇ. ಮೊಳಕಾಲ್ಮೂರು ಇದೇ ಜಿಲ್ಲೆಯದು ಎಂದು ಅಲ್ಲಿನ ರೇಷ್ಮೆ ಸೀರೆ ಸುತ್ತಿದರೆ ಊರಿಗೇನೋ ಹೊಂದುತ್ತದೆ, ಓಬವ್ವನಿಗೆ ಹೊಂದುವುದಿಲ್ಲ. ನಮ್ಮಲ್ಲಿ ಬಹಳ ಜನರ ಕಣ್ಣಲ್ಲಿರುವ ಓಬವ್ವ 1972ರ ‘ನಾಗರಹಾವು’ ಚಿತ್ರದ ಜಯಂತಿ. ಒಬ್ಬ ದೊಡ್ಡ ನಟಿ ಮಾಡಿದ ಆ ಪಾತ್ರವನ್ನು ಆರು ವರ್ಷದ ಮಗುವಿನ ಮೈಮೇಲೆ ಇದ್ದಂತೆಯೇ ಇಳಿಸಲು ಹೊರಟಾಗಲೇ ವೇಷ ವಯಸ್ಸು ಮೀರುವುದು.

ಬಾಡಿಗೆ ರವಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬಹುತೇಕ ಅದು ದೊಡ್ಡವರ ಅಳತೆಯನ್ನೇ ಕುಗ್ಗಿಸಿ ಹೊಲಿದದ್ದು. ಎದೆಗೆ ಡಾಟ್ ಹಿಡಿದಿರುತ್ತಾರೆ, ಬೆನ್ನು ಬಿಟ್ಟು ದಾರ ಕಟ್ಟಿರುತ್ತಾರೆ, ಹೊಟ್ಟೆ ಕಾಣುವಷ್ಟು ಗಿಡ್ಡವಾಗಿರುತ್ತದೆ. ಮಗುವಿಗೆ ಇದ್ಯಾವುದೂ ಬೇಡ. ಮೊಣಕೈವರೆಗೆ ತೋಳಿರುವ, ಸೊಂಟದ ಕೆಳಗೆ ಇಳಿಯುವ, ಡಾಟ್ ಇಲ್ಲದ ನೂಲಿನ ಮೇಲಂಗಿ ಹೊಲಿಸಿದರೆ ಆಯಿತು. ಕೈ ಎತ್ತಿ ಒನಕೆ ಬೀಸಿದರೂ ಅದು ಮೇಲೆ ಸರಿಯಬಾರದು. ಟೈಲರ್ ಅಂಗಡಿಯಲ್ಲೇ ಮಗುವಿಗೆ ಎರಡೂ ಕೈ ಎತ್ತಲು ಹೇಳಿದರೆ ಗೊತ್ತಾಗುತ್ತದೆ.

ಸೀರೆಗೆ ಅಜ್ಜಿಯ ಹಳೆಯ ನೂಲಿನ ಸೀರೆಯೇ ಸರಿ. ಒಗೆದು ಒಗೆದು ಮೆತ್ತಗಾಗಿರುತ್ತದೆ, ಚುಚ್ಚುವುದಿಲ್ಲ. ಇಡೀ ಸೀರೆ ಸುತ್ತಿದರೆ ಒಂದನೇ ಕ್ಲಾಸಿನ ಹುಡುಗಿ ಬಟ್ಟೆಯೊಳಗೆ ಕಳೆದುಹೋಗುತ್ತಾಳೆ. ಸುಮಾರು ಮೂರು ಮೀಟರ್ ಸಾಕು. ಎಲಾಸ್ಟಿಕ್ ಇರುವ ಹಳೆಯ ಪೈಜಾಮಾದ ಸೊಂಟಕ್ಕೆ ನೆರಿಗೆಯನ್ನು ದಾರದಲ್ಲಿ ಹೊಲಿದು, ಕಾಲ ನಡುವೆ ಹಾಯಿಸಿ ಹಿಂದೆ ಕಚ್ಚೆಯನ್ನೂ ಅಲ್ಲೇ ಹೊಲಿದುಬಿಡಿ. ಸೆರಗನ್ನು ಬೇರೆ ತುಂಡಾಗಿ ಕತ್ತರಿಸಿ, ಒಂದು ತುದಿಯನ್ನು ಭುಜಕ್ಕೆ ಹೊಲಿದು ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿದರೆ ನೋಡುವವರಿಗೆ ಅದು ವೀರಗಚ್ಚೆ, ಮಗುವಿಗೆ ಪೈಜಾಮಾ. ಇದರ ಉಪಯೋಗ ತಿಳಿಯುವುದು ವೇದಿಕೆ ಮೇಲಲ್ಲ, ಶೌಚಾಲಯದಲ್ಲಿ. ಒಂದೆರಡು ನಿಮಿಷದ ಪ್ರದರ್ಶನಕ್ಕಾಗಿ ಮಕ್ಕಳು ಗಂಟೆಗಟ್ಟಲೆ ಸಾಲಿನಲ್ಲಿ ಕೂರುತ್ತಾರೆ. ಹತ್ತು ಪಿನ್ನು ಚುಚ್ಚಿ ಉಡಿಸಿದ ಸೀರೆಯನ್ನು ಟೀಚರ್ ಬಿಚ್ಚಿ ಮತ್ತೆ ಉಡಿಸಲಾರರು. ಹೊಲಿದ ಕಚ್ಚೆಯನ್ನು ಮಗು ತಾನೇ ಕೆಳಗಿಳಿಸಿ ಮೇಲೇರಿಸಿಕೊಳ್ಳುತ್ತದೆ.

ನಿಜವಾದ ಒನಕೆ ಭಾರಿ ಮರದ್ದು, ತುದಿಗೆ ಕಬ್ಬಿಣದ ಬಳೆ ಇರುತ್ತದೆ. ಅದರ ಯೋಚನೆಯೇ ಬೇಡ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿಬಂದ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ಅದನ್ನು ಮಗುವಿನ ಭುಜದ ಎತ್ತರಕ್ಕೆ, ಎಂದರೆ ಸುಮಾರು 90 ಸೆಂಟಿಮೀಟರಿಗೆ ಕತ್ತರಿಸಿ, ನಡುವೆ ಕೈಹಿಡಿಯುವಲ್ಲಿ ಬಿಟ್ಟು ಎರಡೂ ಕಡೆ ಹಳೆ ಪೇಪರ್ ಸುತ್ತಿ ದಪ್ಪ ಮಾಡಿ, ಮೇಲೆ ಕಂದು ಕಾಗದ ಅಂಟಿಸಿ. ತುದಿಗೆ ಬೂದು ಬಣ್ಣದ ಪಟ್ಟಿ ಬಳಿದರೆ ಕಬ್ಬಿಣದ ಬಳೆ. ಪಕ್ಕದ ಮಗುವಿಗೆ ತಗುಲಿದರೂ ಪೆಟ್ಟಾಗುವುದಿಲ್ಲ. ಬೀಸುವ ಕೈಗೆ ಗಾಜಿನ ಬಳೆ ಬೇಡ, ಪ್ಲಾಸ್ಟಿಕ್ಕಿನದು ಸಾಕು. ಕೊರಳಿಗೆ ಒಂದೆಳೆ ಕರಿಮಣಿ ಬಿಟ್ಟರೆ ಬೇರೇನೂ ಬೇಕಿಲ್ಲ.

ಮುಖದ ವಿಷಯಕ್ಕೆ ಬರೋಣ. ಕೋಟೆಯ ಸಾಮಾನ್ಯ ಹೆಂಗಸು ಎಂದು ತೋರಿಸಲು ಕೆಲವರು ಮಗುವಿನ ಮುಖಕ್ಕೆ ಕಪ್ಪು ಬಳಿಯುತ್ತಾರೆ. ಇನ್ನು ಕೆಲವರು ಫೋಟೊ ಚೆನ್ನಾಗಿ ಬರಲಿ ಎಂದು ಬೆಳ್ಳಗೆ ಬಳಿಯುತ್ತಾರೆ. ಎರಡೂ ಬೇಡ. ಬಡತನಕ್ಕೂ ಬಣ್ಣಕ್ಕೂ ಗಂಟು ಹಾಕುವ ಪಾಠವನ್ನು ಆರನೇ ವರ್ಷಕ್ಕೇ ಕಲಿಸಿದ ಹಾಗಾಗುತ್ತದೆ. ಶಾಲೆಯ ಹಾಲ್‌ನಲ್ಲಿ ಹಗಲು ಹೊತ್ತಿನಲ್ಲಿ ನಡೆಯುವ ಸ್ಪರ್ಧೆಗೆ ನಾಟಕದ ಪ್ಯಾನ್‌ಕೇಕ್ ಬಳಿಯುವ ಅಗತ್ಯವೂ ಇಲ್ಲ, ಅದು ಬೇಕಾಗುವುದು ರಂಗದ ಜೋರು ಬೆಳಕಿಗೆ. ಹಣೆಗೆ ಕುಂಕುಮದ ಬೊಟ್ಟು, ಎಣ್ಣೆ ಹಚ್ಚಿ ಎಳೆದು ಕಟ್ಟಿದ ತುರುಬು, ಅಷ್ಟೇ. ಆ ಕುಂಕುಮವನ್ನೂ ಹಿಂದಿನ ದಿನ ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ನೋಡಿ. ಕೆಂಪಗಾದರೆ, ತುರಿಸಿದರೆ ಆ ಡಬ್ಬಿ ಬೇಡ. ಎಲ್ಲಿ ತಯಾರಾಯಿತೆಂದು ಗೊತ್ತಿಲ್ಲದ ಕಾಡಿಗೆ, ಸುರ್ಮಾ ಕಣ್ಣಿಗೆ ಸೋಕಿಸಬೇಡಿ. ಅಂಥ ಕೆಲವದರಲ್ಲಿ ಸೀಸದ ಅಂಶ ಇರುತ್ತದೆ.

ಸೆರಗಿಗೆ, ಒನಕೆಗೆ ಕೆಂಪು ಬಣ್ಣ ಚಿಮುಕಿಸಿ ‘ರಕ್ತ’ ಮಾಡುವವರಿದ್ದಾರೆ. ಆ ವಯಸ್ಸಿನ ಮಗು ಮಾಡಬಹುದಾದ ಭಾಗ ಅದಕ್ಕಿಂತ ಮೊದಲೇ ಇದೆ. ಕೊಡ ಇಳಿಸುವುದು, ಕಿಂಡಿಯ ಕಡೆ ಕಿವಿಗೊಡುವುದು, ಬೆಚ್ಚಿ ಹಿಂದೆ ಸರಿಯುವುದು, ಒನಕೆ ಎತ್ತಿ ನಿಲ್ಲುವುದು. ಅಲ್ಲಿಗೇ ನಿಲ್ಲಿಸಿದರೆ ಒಂದು ನಿಮಿಷ ತುಂಬುತ್ತದೆ. ಮಗುವಿಗೆ ಅರ್ಥವಾಗುವ ಭಾವವೂ ಅದೇ. ನಾಲ್ಕು ಪ್ಯಾರಾ ಸಂಭಾಷಣೆ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಇಷ್ಟೆಲ್ಲ ಒಪ್ಪವಾಗಿ ಮಾಡಿದ ವೇಷ ಕೆಡುವುದು ಆಮೇಲೆ, ಫೋನಿನಲ್ಲಿ. ಹಲವು ಫೋನುಗಳ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ನಾವು ಕೇಳದೆಯೇ ಆನ್ ಆಗಿರುತ್ತದೆ. ಅದು ಚರ್ಮವನ್ನು ನುಣ್ಣಗೆ ಮಾಡುತ್ತದೆ, ಗಲ್ಲ ಸಣ್ಣ ಮಾಡುತ್ತದೆ, ಕಣ್ಣು ದೊಡ್ಡದು ಮಾಡುತ್ತದೆ. ಮಗುವಿನ ಗಲ್ಲ ಸಣ್ಣಗಾದರೆ ಮುಖ ಮಗುವಿನದಾಗಿ ಉಳಿಯುವುದಿಲ್ಲ. ಜೊತೆಗೆ ಒಂದು ಒತ್ತಿಗೆ ತುಟಿಗೆ ಬಣ್ಣ, ರೆಪ್ಪೆಗೆ ಕೂದಲು ಅಂಟಿಸುವ ಆ್ಯಪ್‌ಗಳಿವೆ. ರವಿಕೆ ಹೊಲಿಸುವಾಗ ಬೇಡವೆಂದು ಬಿಟ್ಟದ್ದೆಲ್ಲ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಆರು ವರ್ಷಕ್ಕೆ ಮುಂದಿನ ಹಾಲುಹಲ್ಲು ಬೀಳುವ ಕಾಲ. ನಗುವಾಗ ಕಾಣುವ ಆ ಸಂದು ಫೋಟೊದಲ್ಲೂ ಇರಬೇಕು. ಕೆಲವು ಆ್ಯಪ್‌ಗಳು ಅಲ್ಲೂ ಬಿಳಿ ಹಲ್ಲು ತುಂಬಿಸಿ ಮಗುವನ್ನು ಟೂತ್‌ಪೇಸ್ಟ್ ಜಾಹೀರಾತಿನವಳನ್ನಾಗಿ ಮಾಡುತ್ತವೆ.

ಆದ್ದರಿಂದ ಮೊದಲು ಬ್ಯೂಟಿ ಮೋಡ್ ಆಫ್ ಮಾಡಿ. ಬೆಳಗ್ಗೆ ಎಂಟೂವರೆ ಸುಮಾರಿಗೆ, ಅಥವಾ ಸಂಜೆ ನಾಲ್ಕರ ನಂತರ, ಜಗಲಿಯ ನೆರಳಿನಲ್ಲಿ ಮಗುವನ್ನು ಹೊರಗಡೆ ಮುಖ ಮಾಡಿ ನಿಲ್ಲಿಸಿ. ನೀವು ಮಂಡಿಯೂರಿ ಕೂತು ಕ್ಯಾಮೆರಾವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತನ್ನಿ. ನಿಂತಲ್ಲಿಂದ ಕೆಳಮುಖವಾಗಿ ತೆಗೆದರೆ ತಲೆ ದೊಡ್ಡದು, ಕಾಲು ಪುಟ್ಟದು. ತೀರ ಹತ್ತಿರ ಹೋದರೆ ಮೂಗು ದಪ್ಪ. ಎರಡು ಮೂರು ಮೀಟರ್ ಹಿಂದೆ ಸರಿದು, ಇದ್ದರೆ 2x ಒತ್ತಿ ತೆಗೆಯಿರಿ. ಇಷ್ಟು ಮಾಡಿದರೆ ತಿದ್ದಲು ಉಳಿಯುವುದು ಬಹಳ ಕಡಿಮೆ: ಅಂಚು ಕತ್ತರಿಸುವುದು, ಬೆಳಕು ತುಸು ಹೆಚ್ಚಿಸುವುದು, ಹಿಂದೆ ಕಂಡ ನೀಲಿ ಬಕೆಟ್ ಅಳಿಸುವುದು. ಬಣ್ಣ ಏರಿಸುವ ಗುಂಡಿಯನ್ನು ಮಾತ್ರ ಹೆಚ್ಚು ಎಳೆಯಬಾರದು. ಕೆಂಪು ಸೀರೆಯ ನೆರಿಗೆಗಳೆಲ್ಲ ಕಲೆತು ಒಂದೇ ಮುದ್ದೆಯಾಗುತ್ತವೆ, ಮುಖ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಾಯಿತೋ ಇಲ್ಲವೋ ತಿಳಿಯಲು ಅಂಗೈ ಮತ್ತು ಕಣ್ಣಿನ ಬಿಳಿಭಾಗ ನೋಡಿ. ಕಣ್ಣಿನ ಬಿಳುಪಿಗೆ ಹಳದಿ ಬಂದಿದ್ದರೆ ಹಿಂದಕ್ಕೆ ಎಳೆಯಿರಿ.

ಹಿನ್ನೆಲೆಗೆ ದುರ್ಗದ ಕೋಟೆಯ ಚಿತ್ರ ಅಂಟಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದು ಸುಳ್ಳಾಗಿ ಕಾಣುವುದಕ್ಕೆ ಕಾರಣ ಕೋಟೆಯಲ್ಲ, ಬೆಳಕು. ಜಗಲಿಯ ತಂಪು ನೆರಳಿನಲ್ಲಿ ನಿಂತ ಹುಡುಗಿಯ ಹಿಂದೆ ಮಧ್ಯಾಹ್ನದ ಉರಿಬಿಸಿಲಿನ ಬಂಡೆ ಬಂದರೆ, ಏನು ತಪ್ಪೆಂದು ಹೇಳಲಾಗದಿದ್ದರೂ ಕಣ್ಣು ಒಪ್ಪುವುದಿಲ್ಲ. ಮೋಡದ ದಿನ ತೆಗೆದ ಕೋಟೆಯ ಚಿತ್ರ ಆರಿಸಿ. ಕ್ಯಾಮೆರಾ ಮಗುವಿನ ಕಣ್ಣಿನ ಮಟ್ಟದಲ್ಲಿತ್ತಲ್ಲ, ಹಾಗಾಗಿ ಹಿಂದೆ ದೂರದ ಬಯಲು ಕಾಣುವುದಾದರೆ ನೆಲ ಆಕಾಶ ಕೂಡುವ ಗೆರೆಯೂ ಅವಳ ಕಣ್ಣಿನ ನೇರಕ್ಕೇ ಬರಬೇಕು. ಗೆರೆ ಮೊಣಕಾಲಿಗೆ ಬಂದರೆ ಮಗು ದೈತ್ಯಳಾಗುತ್ತಾಳೆ. ಪಾದದ ಕೆಳಗೆ ನೆರಳಿಲ್ಲದಿದ್ದರೆ ಗಾಳಿಯಲ್ಲಿ ತೇಲುತ್ತಾಳೆ. ಪಾದ ನೆಲ ಮುಟ್ಟುವಲ್ಲಿ ದಟ್ಟವಾಗಿ, ಹೊರಗೆ ಹೋದಂತೆ ತೆಳುವಾಗಿ ನೆರಳು ಹಾಕಬೇಕು. ಇನ್ನು ಫೋಟೊ ದೊಡ್ಡದು ಮಾಡಿ ಎರಡು ಜಾಗ ನೋಡಿ: ತುರುಬಿನಿಂದ ಬಿಡಿಸಿಕೊಂಡ ಕೂದಲೆಳೆಗಳು ಮತ್ತು ಒನಕೆ ಹಿಡಿದ ಬೆರಳುಗಳ ಸಂದು. ಹಿನ್ನೆಲೆ ಕತ್ತರಿಸುವ ಆ್ಯಪ್‌ಗಳು ಎಡವುವುದು ಇಲ್ಲೇ. ಎಳೆಗಳು ಮಾಯವಾಗಿ ತಲೆ ಕತ್ತರಿ ಹಾಕಿದಂತಿರುತ್ತದೆ, ಬೆರಳ ಸಂದಿನಲ್ಲಿ ಮನೆಯ ಹಸಿರು ಗೋಡೆ ಇಣುಕುತ್ತದೆ. ನನ್ನನ್ನು ಕೇಳಿದರೆ, ಊರ ಹಳೆಯ ದೇವಸ್ಥಾನದ ಕಲ್ಲುಗೋಡೆಯ ಮುಂದೆ ನಿಲ್ಲಿಸಿ ತೆಗೆದ ಫೋಟೊ ಈ ಎಲ್ಲ ಕಸರತ್ತಿಗಿಂತ ಚೆನ್ನ.

ತಿದ್ದಿದ ಮೇಲೆ ಮೂಲ ಫೋಟೊ ಪಕ್ಕಕ್ಕಿಟ್ಟು ಮಗುವಿಗೇ ತೋರಿಸಿ. ‘ಇದು ನಾನಲ್ಲ’ ಎಂದರೆ ತಿದ್ದಿದ್ದು ಹೆಚ್ಚಾಗಿದೆ. ಕಳಿಸುವ ಮುಂಚೆ ಕೊರಳಲ್ಲಿ ಹೆಸರು, ಫೋನ್ ನಂಬರ್ ಇರುವ ಶಾಲೆಯ ಐಡಿ ಕಾರ್ಡ್ ಉಳಿದಿದೆಯೇ ಎಂದು ನೋಡಿಕೊಳ್ಳಿ.

ಶಾಲೆಯವರಲ್ಲಿ ಒಂದು ಮನವಿ. ಸ್ಪರ್ಧೆಯ ಸೂಚನೆಯಲ್ಲಿ ಎರಡು ಸಾಲು ಸೇರಿಸಿ: ವೇಷ ಮಗು ತಾನೇ ಹಾಕಿ ಬಿಚ್ಚುವಂತಿರಲಿ, ಫೋಟೊದಲ್ಲಿ ಬೆಳಕು ಮತ್ತು ಅಂಚು ಬಿಟ್ಟು ಮುಖವನ್ನು ತಿದ್ದಬಾರದು. ತೀರ್ಪುಗಾರರೂ ಅದಕ್ಕೆ ತಕ್ಕಂತೆ ಅಂಕ ಕೊಟ್ಟರೆ, ಮುಂದಿನ ನವೆಂಬರಿನಲ್ಲಿ ಜರಿ ಸೀರೆಯ ಓಬವ್ವಂದಿರ ಸಂಖ್ಯೆ ತಾನಾಗಿ ಇಳಿಯುತ್ತದೆ.